ಎಡದಿಂದೊಮ್ಮೆ, ಬಲದಿಂದೊಮ್ಮೆ

ಮಕ್ಕಳು ಒಂದು ಸಾಲಿನಲ್ಲಿ ನಿಂತಿದ್ದಾರೆ. ಪ್ರತಿಯೊಬ್ಬರಿಗೂ ಒಂದು ಅಂಕ ಕೊಟ್ಟಾಗಿದೆ. ಈಗ ಮಿಠಾಯಿ ಹಂಚಬೇಕು, ಆದರೆ ಎರಡು ನಿಯಮಗಳಿವೆ. ಯಾರಿಗೂ ಒಂದಕ್ಕಿಂತ ಕಡಿಮೆ ಸಿಗಬಾರದು. ಪಕ್ಕದವರಿಗಿಂತ ಹೆಚ್ಚು ಅಂಕ ಇರುವ ಮಗುವಿಗೆ ಆ ಪಕ್ಕದವರಿಗಿಂತ ಹೆಚ್ಚು ಮಿಠಾಯಿ ಸಿಗಬೇಕು. ಹಾಗಾದರೆ ಒಟ್ಟು ಎಷ್ಟು ಮಿಠಾಯಿ ತಂದರೆ ಸಾಕು? ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ತಯಾರಾಗುವವರಿಗೆ ಇದು ಲೀಟ್‌ಕೋಡ್‌ನ 135ನೇ ಸಮಸ್ಯೆಯಾಗಿ ಪರಿಚಿತ. ಅಲ್ಲಿ ಇದನ್ನು ‘ಹಾರ್ಡ್’ ಗುಂಪಿಗೆ ಸೇರಿಸಿದ್ದಾರೆ. ಉತ್ತರದ ಪ್ರೋಗ್ರಾಮ್ ಮಾತ್ರ ಹತ್ತೇ ಸಾಲಿನದು.

ಮೊದಲು ಹೊಳೆಯುವ ದಾರಿ ಎಡದಿಂದ ಹಂಚುತ್ತಾ ಹೋಗಿ, ನಿಯಮ ತಪ್ಪಿದಾಗ ಹಿಂದಕ್ಕೆ ಬಂದು ಸರಿಪಡಿಸುವುದು. ಅಂಕಗಳು ಏರುತ್ತಾ ಹೋದರೆ ಇದರಿಂದ ತೊಂದರೆಯಿಲ್ಲ. ಇಳಿಯುತ್ತಾ ಹೋದರೆ ಪ್ರತಿ ಹೊಸ ಮಗು ಬಂದಾಗಲೂ ಹಿಂದಿನ ಎಲ್ಲರಿಗೂ ಒಂದೊಂದು ಹೆಚ್ಚು ಕೊಡಬೇಕಾಗುತ್ತದೆ. 20,000 ಮಕ್ಕಳ ಇಳಿಯುವ ಸಾಲಿನಲ್ಲಿ ಹೀಗೆ ಸುಮಾರು 20 ಕೋಟಿ ತಿದ್ದುಪಡಿಗಳಾಗುತ್ತವೆ.

ತೊಡಕಿನ ಮೂಲ ಇಷ್ಟೇ: ಒಂದು ಮಗುವಿನ ಪಾಲನ್ನು ಎಡಗಡೆಯವರೂ ಬಲಗಡೆಯವರೂ ಒಟ್ಟಿಗೆ ನಿರ್ಧರಿಸುತ್ತಾರೆ. ಆದ್ದರಿಂದ ಎರಡು ಕಡೆಯ ಲೆಕ್ಕವನ್ನು ಬೇರೆ ಬೇರೆ ಮಾಡಬೇಕು. ಏಳು ಮಕ್ಕಳ ಅಂಕಗಳು 2, 3, 5, 7, 4, 4, 1 ಎಂದುಕೊಳ್ಳಿ.

ಎಡದಿಂದ ಹೊರಟಾಗ ಎಡಪಕ್ಕದವರನ್ನು ಮಾತ್ರ ನೋಡುತ್ತೇವೆ. ಅವರಿಗಿಂತ ಅಂಕ ಹೆಚ್ಚಿದ್ದರೆ ಅವರ ಪಾಲಿಗೆ ಒಂದು ಕೂಡಿಸಿ ಕೊಡುತ್ತೇವೆ, ಇಲ್ಲದಿದ್ದರೆ ಒಂದೇ. ಬರುವುದು 1, 2, 3, 4, 1, 1, 1. ಈಗ ಬಲತುದಿಯಿಂದ ಹಿಂದಕ್ಕೆ ಬರುತ್ತಾ ಬಲಪಕ್ಕದವರನ್ನು ಮಾತ್ರ ನೋಡೋಣ. ಆಗ ಎಡದಿಂದ ಓದಿದರೆ ಸಿಗುವುದು 1, 1, 1, 2, 1, 2, 1. ಪ್ರತಿ ಮಗುವಿಗೂ ಈ ಎರಡರಲ್ಲಿ ದೊಡ್ಡದನ್ನು ಕೊಟ್ಟರೆ 1, 2, 3, 4, 1, 2, 1. ಒಟ್ಟು 14.

ಇಲ್ಲಿ ಎರಡು ಜಾಗಗಳನ್ನು ನಿಂತು ನೋಡಬೇಕು. 4 ಅಂಕದ ಇಬ್ಬರು ಅಕ್ಕಪಕ್ಕದಲ್ಲಿದ್ದಾರೆ, ಒಬ್ಬರಿಗೆ 1, ಇನ್ನೊಬ್ಬರಿಗೆ 2. ಅನ್ಯಾಯ ಅನಿಸುತ್ತದೆ, ಆದರೆ ಸಮಾನ ಅಂಕದವರ ಬಗ್ಗೆ ನಿಯಮ ಏನನ್ನೂ ಹೇಳಿಲ್ಲ. ಸಮಾನರಿಗೆ ಸಮಾನ ಪಾಲು ಎಂದು ನಾವಾಗಿಯೇ ಸೇರಿಸಿಕೊಂಡರೆ ಒಟ್ಟು 15 ಆಗಿ, ಉತ್ತರ ತಪ್ಪುತ್ತದೆ. ಇನ್ನೊಂದು ಜಾಗ 7 ಅಂಕದ ಮಗು. ಎಡಗಡೆಯ ಲೆಕ್ಕ ಅವನಿಗೆ 4 ಕೇಳುತ್ತದೆ, ಬಲಗಡೆಯದು 2. ದೊಡ್ಡದನ್ನು ಉಳಿಸಿಕೊಳ್ಳುವ ಬದಲು ಎರಡನೇ ಸುತ್ತಿನಲ್ಲಿ 4ನ್ನು ಅಳಿಸಿ 2 ಬರೆದುಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ 5 ಅಂಕದವನ ಕೈಯಲ್ಲಿ 3, 7 ಅಂಕದವನ ಕೈಯಲ್ಲಿ 2. ಪ್ರೋಗ್ರಾಮ್ 12 ಎನ್ನುತ್ತದೆ. ಏರಿಕೆ ಉದ್ದವಾಗಿ ಇಳಿಕೆ ಗಿಡ್ಡವಾಗಿರುವ ಇಂಥ ಸಾಲನ್ನು ಕೊಟ್ಟು ನೋಡಿದರೆ ಈ ದೋಷ ಕೂಡಲೇ ಸಿಕ್ಕಿಬೀಳುತ್ತದೆ.

```python
def candy(r):
    n = len(r)
    c = [1] * n
    for i in range(1, n):
        if r[i] > r[i-1]:
            c[i] = c[i-1] + 1
    for i in range(n-2, -1, -1):
        if r[i] > r[i+1]:
            c[i] = max(c[i], c[i+1] + 1)
    return sum(c)
```

ದೊಡ್ಡದನ್ನು ಆರಿಸುವಾಗ ಮೊದಲ ಸುತ್ತಿನ ನಿಯಮ ಕೆಡುವುದಿಲ್ಲವೇ? ಕೆಡುವುದಿಲ್ಲ, ಮತ್ತು ಈ ವಿಧಾನದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಒಂದು ಮಗುವಿನ ಅಂಕ ಎಡಪಕ್ಕದವನಿಗಿಂತ ಹೆಚ್ಚಿದೆ ಎಂದರೆ, ಆ ಎಡಪಕ್ಕದವನಿಗೆ ಬಲಗಡೆಯ ಲೆಕ್ಕದಲ್ಲಿ ಬರುವುದು ಕೇವಲ 1. ಹಾಗಾಗಿ ಎರಡನೇ ಸುತ್ತಿನಲ್ಲಿ ಅವನ ಪಾಲು ಏರುವುದೇ ಇಲ್ಲ, ಹೆಚ್ಚು ಅಂಕದವನ ಪಾಲು ಏರಬಹುದು, ಇಳಿಯದು. ಇದಕ್ಕಿಂತ ಕಡಿಮೆ ಕೊಡಲೂ ಆಗದು. 2, 3, 5, 7 ಎಂದು ನಾಲ್ವರು ಏರುತ್ತಾ ನಿಂತಿದ್ದರೆ ಕೊನೆಯವನಿಗೆ ನಾಲ್ಕಾದರೂ ಬೇಕೇಬೇಕು. ಎರಡು ಸುತ್ತುಗಳು ಎಣಿಸುವುದು ಎರಡು ಕಡೆಯ ಇಂಥ ಏರಿಕೆಗಳನ್ನೇ.

20,000 ಮಕ್ಕಳಿಗೆ ಈಗ ಸುಮಾರು 40,000 ಹೋಲಿಕೆ ಸಾಕು. ಸಾವಕಾಶವಾಗಿ ನೋಡಬೇಕಾದ್ದು ಒಟ್ಟು ಮೊತ್ತವನ್ನು. ಒಂದು ಲಕ್ಷ ಮಕ್ಕಳ ಅಂಕ ಇಳಿಯುತ್ತಲೇ ಹೋದರೆ ಮಿಠಾಯಿ 500 ಕೋಟಿ ದಾಟುತ್ತದೆ. ಜಾವಾದ `int` ಹಿಡಿಯುವುದು 214 ಕೋಟಿ ಚಿಲ್ಲರೆಯನ್ನು ಮಾತ್ರ, ಆದ್ದರಿಂದ ಅಲ್ಲಿ `long` ಬೇಕು. ಪೈಥಾನ್‌ನಲ್ಲಿ ಈ ಚಿಂತೆಯಿಲ್ಲ.

ಮಕ್ಕಳು ಸಾಲಿನ ಬದಲು ವೃತ್ತದಲ್ಲಿ ಕೂತಿದ್ದರೆ ಎಡತುದಿ, ಬಲತುದಿ ಎಂಬುದೇ ಇರುವುದಿಲ್ಲ. ಆಗ ಎಲ್ಲರಿಗಿಂತ ಕಡಿಮೆ ಅಂಕದ ಒಂದು ಮಗುವನ್ನು ಹುಡುಕಬೇಕು. ಅದಕ್ಕೆ ಒಂದೇ ಮಿಠಾಯಿ ಎಂಬುದು ಖಚಿತ. ವೃತ್ತವನ್ನು ಅಲ್ಲಿ ಬಿಡಿಸಿ, ಅದೇ ಮಗುವನ್ನು ಎರಡೂ ತುದಿಗಳಲ್ಲಿ ನಿಲ್ಲಿಸಿದರೆ ಇದೇ ಎರಡು ಸುತ್ತುಗಳು ನಡೆಯುತ್ತವೆ. ಕೊನೆಯಲ್ಲಿ ಎರಡು ಸಲ ಎಣಿಸಿದ ಆ ಒಂದು ಮಿಠಾಯಿಯನ್ನು ಮೊತ್ತದಿಂದ ಕಳೆಯಬೇಕು.