ಹನ್ನೆರಡು ವರ್ಷದ ಅನುಭವಕ್ಕೆ ನಾಲ್ಕು ವರ್ಷದವರ ಕೆಲಸ ಬಂದಾಗ

ಬೆಂಗಳೂರಿನ ಐಟಿ ವಲಯದಲ್ಲಿ ಹತ್ತು ವರ್ಷ ದಾಟಿದವರಿಗೂ ‘3ರಿಂದ 5 ವರ್ಷ ಅನುಭವ ಬೇಕು’ ಎಂಬ ಮೆಸೇಜ್ ಬರುತ್ತಲೇ ಇರುತ್ತೆ. ನನಗೆ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ 12 ವರ್ಷವಾಯ್ತು, ಒಂಬತ್ತು ಜನರ ತಂಡ ನೋಡಿಕೊಳ್ತೀನಿ. ನನಗೂ ಬರುತ್ತೆ. ಇದನ್ನು ಅವಮಾನ ಅಂದುಕೊಂಡು ಖಾರವಾಗಿ ಉತ್ತರಿಸೋರಿದ್ದಾರೆ, ನೋಡಿಯೂ ಸುಮ್ಮನಿರೋರಿದ್ದಾರೆ. ಎರಡರಿಂದಲೂ ನಷ್ಟ ನಮಗೇ.

ಇಂಥ ಮೆಸೇಜ್ ಬರೋದು ಹೇಗೆ ಅಂತ ಮೊದಲು ನೋಡೋಣ. ನೌಕ್ರಿ, ಲಿಂಕ್ಡ್‌ಇನ್‌ನಂಥ ಕಡೆ ರಿಕ್ರೂಟರ್ ಕೀವರ್ಡ್ ಹಾಕಿ ಹುಡುಕ್ತಾರೆ. ‘ಸೆಲೆನಿಯಂ’, ‘ಬೆಂಗಳೂರು’ ಅಂತ ಹಾಕಿದರೆ ನೂರಾರು ಹೆಸರು ಬರುತ್ತವೆ, ಎಲ್ಲರಿಗೂ ಒಂದೇ ಮೆಸೇಜ್ ಹೋಗುತ್ತೆ. ಕಳಿಸಿದವರು ಹೆಚ್ಚಾಗಿ ಕನ್ಸಲ್ಟೆನ್ಸಿಯಲ್ಲಿ ದಿನಕ್ಕಿಷ್ಟು ಪ್ರೊಫೈಲ್ ಅಂತ ಟಾರ್ಗೆಟ್ ಇರುವ, ನಮಗಿಂತ ಕಡಿಮೆ ಸಂಬಳದ ನೌಕರರು. ನಿಮ್ಮ ಹಿರಿತನವನ್ನು ಅವರು ತೂಗಿ ನೋಡಿರಲ್ಲ, ಓದಿಯೇ ಇರಲ್ಲ.

ಇನ್ನೊಂದು ಲೆಕ್ಕವೂ ಇದೆ. ಅಭ್ಯರ್ಥಿ ಕೆಲಸಕ್ಕೆ ಸೇರಿದರಷ್ಟೇ ಕನ್ಸಲ್ಟೆನ್ಸಿಗೆ ದುಡ್ಡು. ವಾರ್ಷಿಕ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಕಮಿಷನ್ ಇಲ್ಲಿ ಸಾಮಾನ್ಯ ದರ. ಹಾಗಾಗಿ ದೊಡ್ಡ ಹುದ್ದೆ ಕೈಗೆ ಬಂದಾಗ ನಿಮ್ಮ ನೆನಪಾಗೋದು ಅವರಿಗೂ ಲಾಭವೇ. ಹಾಗೆ ನೆನಪಾಗಬೇಕಾದರೆ ನಿಮ್ಮ ಹೆಸರಿನ ಮುಂದೆ ಅವರು ಏನಾದರೂ ಬರೆದುಕೊಂಡಿರಬೇಕು. ‘ನಾಟ್ ಇಂಟರೆಸ್ಟೆಡ್’ ಅಂತಷ್ಟೇ ಉತ್ತರಿಸಿದರೆ ಅವರ ಶೀಟ್‌ನಲ್ಲಿ ಉಳಿಯೋದೂ ಅಷ್ಟೇ.

ನಾನು ಕಳಿಸೋದು ಇಂಗ್ಲಿಷಿನಲ್ಲಿ. ಅದರ ಕನ್ನಡ ಹೀಗಿದೆ:

“ನಮಸ್ಕಾರ ಮೇಡಂ, ಸಂಪರ್ಕಿಸಿದ್ದಕ್ಕೆ ಥ್ಯಾಂಕ್ಸ್. ಈ ಹುದ್ದೆ 3ರಿಂದ 5 ವರ್ಷದವರಿಗೆ. ನನಗೆ 12 ವರ್ಷದ ಅನುಭವವಿದೆ, ಒಂಬತ್ತು ಜನರ ತಂಡ ನಡೆಸ್ತಿದ್ದೀನಿ. ಹಾಗಾಗಿ ಇದಕ್ಕೆ ಅರ್ಜಿ ಹಾಕ್ತಿಲ್ಲ. ಬೆಂಗಳೂರಿನಲ್ಲಿ ಟೆಸ್ಟ್ ಮ್ಯಾನೇಜರ್ ಅಥವಾ ಆಟೊಮೇಷನ್ ಲೀಡ್ ಹುದ್ದೆ, ಪರ್ಮನೆಂಟ್ ಆಗಿದ್ದರೆ ಖಂಡಿತ ಮಾತಾಡೋಣ. ನೋಟಿಸ್ ಪೀರಿಯಡ್ 60 ದಿನ. ಈ ಕೆಲಸಕ್ಕೆ ಹೊಂದುವವರು ಗೊತ್ತಿದ್ದರೆ ಅವರನ್ನು ಕೇಳಿ ತಿಳಿಸ್ತೀನಿ.”

ಇದರಲ್ಲಿ ‘ನಾನು ಓವರ್‌ಕ್ವಾಲಿಫೈಡ್’ ಎಂಬ ಮಾತಿಲ್ಲ. ಅದನ್ನು ಕೇಳಿದವರಿಗೆ ಗೊತ್ತಾಗೋದು ನಿಮಗೆ ಬೇಸರವಾಗಿದೆ ಅಂತ ಮಾತ್ರ. ವರ್ಷ, ತಂಡದ ಗಾತ್ರ, ಹುದ್ದೆಯ ಹೆಸರು, ಊರು, ನೋಟಿಸ್ ಪೀರಿಯಡ್ ಹೇಳಿದರೆ ಅವರು ಮುಂದಿನ ಸಲ ಹುಡುಕುವಾಗ ಅವನ್ನೇ ಬಳಸಬಹುದು. ‘ಒಳ್ಳೆಯದೇನಾದರೂ ಇದ್ದರೆ ಹೇಳಿ’ ಅಂದರೆ ಏನನ್ನೂ ಹುಡುಕೋಕಾಗಲ್ಲ. ಸಂಬಳ ಕೇಳಿದರೆ ಈಗಿನದ್ದು ಹೇಳೋ ಬದಲು ನಿರೀಕ್ಷೆ ಹೇಳಿ. ಈಗಿನದ್ದು ಹೇಳಿದರೆ ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಚೌಕಾಸಿ ಶುರುವಾಗುತ್ತೆ. ಇನ್ನು, ಗೆಳೆಯರ ನಂಬರನ್ನು ಅವರನ್ನು ಕೇಳದೆ ಕೊಡಬೇಡಿ.

ಇಷ್ಟಾದ ಮೇಲೂ ಕೆಲವರು ಫೋನ್ ಮಾಡಿ ‘ಇರಲಿ ಸರ್, ಸಿವಿ ಕಳಿಸಿ, ರೆಕಾರ್ಡ್‌ಗೆ’ ಅಂತಾರೆ. ಎಚ್ಚರ ಬೇಕಾದ್ದು ಇಲ್ಲೇ. ಅವರು ನಿಮ್ಮ ಸಿವಿಯನ್ನು ಒಂದು ಕಂಪನಿಗೆ ಕಳಿಸಿದರೆ, ಅಲ್ಲಿನ ವ್ಯವಸ್ಥೆಯಲ್ಲಿ ಕೆಲವು ತಿಂಗಳು ನೀವು ಆ ಕನ್ಸಲ್ಟೆನ್ಸಿಯ ಅಭ್ಯರ್ಥಿ ಅಂತ ದಾಖಲಾಗಬಹುದು. ಆ ಅವಧಿಯಲ್ಲಿ ಅದೇ ಕಂಪನಿಯಲ್ಲಿ ಮ್ಯಾನೇಜರ್ ಹುದ್ದೆ ಖಾಲಿಯಾಗಿ, ಒಳಗಿನ ಗೆಳತಿ ನಿಮ್ಮನ್ನು ರೆಫರ್ ಮಾಡಹೋದರೆ ‘ಡೂಪ್ಲಿಕೇಟ್’ ಅಂತ ತಿರಸ್ಕಾರವಾಗುತ್ತೆ. ಹಾಗಾಗಿ ನನ್ನ ಮಾತು ಒಂದೇ: “ಕಂಪನಿ, ಹುದ್ದೆ ಎರಡೂ ಹೇಳಿ. ನಾನು ಬರೆದು ಒಪ್ಪಿದ ಮೇಲೆ ಸಿವಿ ಕಳಿಸಿ.”

ಹುದ್ದೆಯ ಹೆಸರು ನೋಡಿಯೇ ಬೇಡ ಅನ್ನೋದೂ ಸರಿಯಲ್ಲ. ಸರ್ವಿಸ್ ಕಂಪನಿಯ ‘ಮ್ಯಾನೇಜರ್’ ಪ್ರಾಡಕ್ಟ್ ಕಂಪನಿಗೆ ‘ಸೀನಿಯರ್ ಇಂಜಿನಿಯರ್’ ಆಗಿ ಹೋಗಿ ಹೆಚ್ಚು ಸಂಬಳ ಪಡೆಯೋದುಂಟು. ಅನುಮಾನವಿದ್ದರೆ ಬೇಡ ಅನ್ನೋ ಮೊದಲು ಎರಡು ಪ್ರಶ್ನೆ ಕೇಳಿ: ಈ ಹುದ್ದೆಯವರು ಯಾರಿಗೆ ರಿಪೋರ್ಟ್ ಮಾಡ್ತಾರೆ? ಬಜೆಟ್ ಎಷ್ಟರವರೆಗೆ? ಬಜೆಟ್ ನಿಮ್ಮ ಈಗಿನ ಸಂಬಳದ ಅರ್ಧಕ್ಕೇ ನಿಂತರೆ ಮೇಲಿನ ಉತ್ತರ ಕಳಿಸಿ.

ಮಗುವಾದ ಮೇಲೆ ಎರಡು ವರ್ಷ ಬಿಟ್ಟು ಮರಳುವ ಹೆಣ್ಣುಮಕ್ಕಳಿಗೆ ಮತ್ತು ಲೇಆಫ್ ಆದವರಿಗೆ ಇಂಥ ಕರೆ ಬರೀ ಕೀವರ್ಡ್‌ನಿಂದ ಬಂದಿರಲ್ಲ. ‘ಗ್ಯಾಪ್ ಇದೆಯಲ್ಲಾ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತ ಬಾಯಿಬಿಟ್ಟೇ ಹೇಳ್ತಾರೆ. ಆಗಲೂ ಉತ್ತರದಲ್ಲಿ ಗ್ಯಾಪ್‌ಗೆ ಸಮಜಾಯಿಷಿ ಕೊಡಬೇಕಿಲ್ಲ. ಒಟ್ಟು ಅನುಭವ, ಕೊನೆಯ ಹುದ್ದೆ, ಬೇಕಾದ ಹುದ್ದೆ ಬರೆದರೆ ಸಾಕು. ಮನೆ ನಡೆಸೋಕೆ ಆ ಚಿಕ್ಕ ಕೆಲಸವೇ ಬೇಕು ಅನ್ನಿಸಿದರೆ ತಗೊಳ್ಳಿ. ಆದರೆ ಹುದ್ದೆಯ ಮಟ್ಟವನ್ನು ಯಾವಾಗ ಮರುಪರಿಶೀಲಿಸ್ತಾರೆ ಅನ್ನೋದನ್ನು ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ.