ಕನ್ನಡದ ಸಂತಾಪ, ಇಂಗ್ಲಿಷಿನ ಸಾಲು

ಸಹೋದ್ಯೋಗಿಯ ಮನೆಯಲ್ಲಿ ಸಾವಾದಾಗ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಕನ್ನಡದ ಮಾತೇ. ಆ ಸಹೋದ್ಯೋಗಿಗೆ ಕನ್ನಡ ಬಾರದಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಬರೆದದ್ದು ಎಷ್ಟೋ ಸಲ ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತಿನಂತೆ ಬಿಗಿಯಾಗಿಬಿಡುತ್ತದೆ. ಬರೆದವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದೇನಲ್ಲ. ಸಂತಾಪದ ಯಾವ ಮಾತು ರೂಢಿಯದು, ಯಾವುದು ಆ ವ್ಯಕ್ತಿಗೆಂದೇ ಆಡಿದ್ದು ಎಂದು ಬೇರ್ಪಡಿಸದೆ ಎಲ್ಲವನ್ನೂ ಪದಕ್ಕೆ ಪದ ಇಟ್ಟು ಬರೆಯುವುದರಿಂದ ಹೀಗಾಗುತ್ತದೆ.

ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುವ ಕೋಲ್ಕತ್ತದ ಸಹೋದ್ಯೋಗಿಯ ತಾಯಿ ತೀರಿಕೊಂಡಿದ್ದಾರೆ ಎಂದುಕೊಳ್ಳೋಣ. ಕನ್ನಡದಲ್ಲಿ ಸಂದೇಶ ಹೀಗಿರುತ್ತದೆ: ‘ಅಮ್ಮ ತೀರಿಕೊಂಡ ವಿಷಯ ಕೇಳಿ ತುಂಬಾ ಸಂಕಟವಾಯಿತು. ಏನು ಹೇಳಬೇಕೋ ತೋಚುತ್ತಿಲ್ಲ. ಹೋದ ಸಲ ಬಂದಾಗ ನಮಗೆಲ್ಲ ಸಂದೇಶ್ ಕೊಟ್ಟು, ಒಬ್ಬೊಬ್ಬರನ್ನೂ ಊಟ ಆಯಿತಾ ಎಂದು ಕೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ಅವರ ಆತ್ಮಕ್ಕೆ ಶಾಂತಿ ಸಿಗಲಿ. ದುಃಖ ತಡೆದುಕೊಳ್ಳುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ. ಧೈರ್ಯ ತಂದುಕೊಳ್ಳಿ. ನಾವೆಲ್ಲ ಇದ್ದೇವೆ, ಕೆಲಸದ ಚಿಂತೆ ಬಿಡಿ.’

ತೊಡಕು ಮೊದಲ ಸಾಲಿನಲ್ಲೇ ಇದೆ. ಕನ್ನಡಿಗರ ಬಾಯಲ್ಲಿ ‘ಸಾರಿ’ ಎಂದರೆ ಕ್ಷಮೆ. ಹಾಗಾಗಿ ಸಾವಿನ ಸಂದರ್ಭದಲ್ಲಿ ಅದನ್ನು ಬಳಸಲು ಹಿಂಜರಿದು ‘ಐ ಫೆಲ್ಟ್ ವೆರಿ ಬ್ಯಾಡ್’ ಎಂದೋ ‘ಡೀಪ್ಲಿ ಶಾಕ್ಡ್’ ಎಂದೋ ಬರೆಯುತ್ತಾರೆ. ಇವೆರಡೂ ಬರೆದವರ ಸ್ಥಿತಿಯನ್ನೇ ಮುಂದೆ ತರುತ್ತವೆ. ಇಂಗ್ಲಿಷಿನಲ್ಲಿ ‘ಸಾರಿ’ಗೆ ಮರುಕದ ಅರ್ಥವೂ ಇದೆ. ‘ಐ ಆಮ್ ಸೋ ಸಾರಿ ಅಬೌಟ್ ಯುವರ್ ಮದರ್’ ಎಂಬ ಸಣ್ಣ ವಾಕ್ಯ ‘ಸಂಕಟವಾಯಿತು’ ಎಂಬುದರ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಆಕೆಯನ್ನು ಕಚೇರಿಯವರೆಲ್ಲ ‘ಆಂಟಿ’ ಎಂದೇ ಕರೆಯುತ್ತಿದ್ದರೆ ಇಲ್ಲಿಯೂ ಆಂಟಿ ಎಂದೇ ಬರೆಯಬಹುದು. ಇಂಗ್ಲಿಷಿನ ‘ಶಿ’ಯಲ್ಲಿ ಕನ್ನಡದ ‘ಅವರು’ ಕೊಡುವ ಗೌರವ ಉಳಿಯುವುದಿಲ್ಲ, ಈ ಕರೆ ಅದನ್ನು ಸ್ವಲ್ಪ ತುಂಬಿಕೊಡುತ್ತದೆ. ‘ಎಕ್ಸ್‌ಪೈರ್ಡ್’ ಎಂಬ ಪದವನ್ನು ಮಾತ್ರ ಬಿಡಬೇಕು. ನಮ್ಮಲ್ಲಿ ಅದು ವಾಡಿಕೆಯಲ್ಲಿದ್ದರೂ ಹೊರದೇಶದ ಓದುಗರಿಗೆ ಅವಧಿ ಮುಗಿದ ಔಷಧಿಯ ನೆನಪು ತರುತ್ತದೆ.

ದೇವರು, ಆತ್ಮ ಎಂಬ ಮಾತುಗಳು ಬಂದಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ಇವು ನಂಬಿಕೆಯ ಘೋಷಣೆಗಳಲ್ಲ, ಸೌಜನ್ಯದ ಮಾತುಗಳು. ಇಂಗ್ಲಿಷಿನಲ್ಲಿ ಓದುವವರ ಧರ್ಮ ಬೇರೆಯಿರಬಹುದು, ನಂಬಿಕೆಯೇ ಇಲ್ಲದಿರಬಹುದು. ಆಗ ಹಾರೈಕೆಯನ್ನು ಬರೆಯುವವರ ಕಡೆಗೆ ತಿರುಗಿಸಿಕೊಳ್ಳುವುದು ಒಳ್ಳೆಯದು. ‘ಯು ಅಂಡ್ ಯುವರ್ ಫ್ಯಾಮಿಲಿ ಆರ್ ಇನ್ ಮೈ ಪ್ರೇಯರ್ಸ್’ ಎಂದರೆ ಪ್ರಾರ್ಥನೆ ಬರೆದವರದ್ದಾಗುತ್ತದೆ, ಓದುವವರು ಏನನ್ನೂ ಒಪ್ಪಬೇಕಾಗಿಲ್ಲ. ಇಬ್ಬರ ನಂಬಿಕೆಯೂ ಒಂದೇ ಎಂದು ಗೊತ್ತಿದ್ದರೆ ಮೂಲದ ಮಾತನ್ನೇ ಇಡಬಹುದು. ಆದರೆ ‘ಆರ್‌ಐಪಿ’ ಎಂಬ ಮೂರಕ್ಷರ ಬೇಡವೇ ಬೇಡ, ಅದು ಬರೆಯಲೂ ಬಿಡುವಿರಲಿಲ್ಲ ಎಂಬಂತೆ ಕಾಣುತ್ತದೆ.

‘ಧೈರ್ಯ ತಂದುಕೊಳ್ಳಿ’ ಎಂಬುದನ್ನು ಪೂರ್ತಿ ಕೈಬಿಡುವುದೇ ಸರಿ. ಕನ್ನಡದಲ್ಲಿ ಅದು ಬೆನ್ನು ಸವರುವ ಮಾತು. ‘ಬಿ ಬ್ರೇವ್’ ಆದಾಗ ಅಳಬೇಡಿ ಎಂಬ ಆಜ್ಞೆಯಾಗುತ್ತದೆ. ಅದರ ಹಿಂದಿನ ಆಸರೆಯ ಭಾವ ಕೊನೆಯ ಸಾಲಿನಲ್ಲಿ ಬರಲಿ. ‘ನಾವಿದ್ದೇವೆ’ ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ಇರುವ ಭಾರ ‘ವಿ ಆರ್ ಹಿಯರ್ ಫಾರ್ ಯು’ ಎಂಬುದಕ್ಕಿಲ್ಲ, ಎಲ್ಲರೂ ಬಳಸಿ ಅದು ಸವೆದಿದೆ. ಆದ್ದರಿಂದ ಏನು ಮಾಡುತ್ತೇವೆ ಎಂಬುದನ್ನೇ ಹೇಳಬೇಕು: ‘ಪ್ಲೀಸ್ ಡೋಂಟ್ ವರಿ ಅಬೌಟ್ ವರ್ಕ್. ವಿ ವಿಲ್ ಫಿನಿಶ್ ದಿ ಮಂತ್ಲಿ ರಿಪೋರ್ಟ್.’

ಈ ಸಂದೇಶದ ಜೀವವಿರುವುದು ಸಂದೇಶ್ ಮತ್ತು ಊಟದ ಸಾಲಿನಲ್ಲಿ. ಅವಸರದಲ್ಲಿ ಬರೆಯುವವರು ಮೊದಲು ಬಿಡುವುದೂ ಇದನ್ನೇ. ಇಂಗ್ಲಿಷಿನಲ್ಲಿ ಇದು ಗಂಭೀರವಲ್ಲ ಎಂದು ಭಾವಿಸಿ, ಬದಲಿಗೆ ‘ಶಿ ವಾಸ್ ಎ ನೋಬಲ್ ಸೋಲ್’ ಎಂದು ಹಾಕುತ್ತಾರೆ. ಅದು ಯಾರ ತಾಯಿಗಾದರೂ ಹೊಂದುತ್ತದೆ. ‘ಐ ಕೀಪ್ ಥಿಂಕಿಂಗ್ ಆಫ್ ದಿ ಡೇ ಶಿ ಗೇವ್ ಅಸ್ ಸಂದೇಶ್ ಅಂಡ್ ಆಸ್ಕ್ಡ್ ಈಚ್ ಆಫ್ ಅಸ್ ಇಫ್ ವಿ ಹ್ಯಾಡ್ ಈಟನ್’ ಎಂಬುದು ಈ ಒಬ್ಬ ತಾಯಿಗೆ ಮಾತ್ರ ಹೊಂದುತ್ತದೆ. ನೆನಪಿನಲ್ಲಿರುವ ತಿಂಡಿ, ಮಾತು, ಅಭ್ಯಾಸ ಇವು ಯಾವ ಭಾಷೆಗೆ ಹೋದರೂ ಕೆಡುವುದಿಲ್ಲ. ತಾಯಿಯನ್ನು ಕಂಡೇ ಇಲ್ಲದಿದ್ದರೆ ಆಕೆಯ ಬಗ್ಗೆ ಮಗ ಹೇಳುತ್ತಿದ್ದ ಒಂದು ಮಾತು ಸಾಕು. ಅದೂ ಇಲ್ಲದಿದ್ದರೆ ಏನನ್ನೂ ಕಲ್ಪಿಸಬಾರದು, ‘ಏನು ಹೇಳಬೇಕೋ ತೋಚುತ್ತಿಲ್ಲ’ ಎಂಬ ಪ್ರಾಮಾಣಿಕ ಸಾಲು ಇಂಗ್ಲಿಷಿನಲ್ಲೂ ಹಾಗೆಯೇ ನಿಲ್ಲುತ್ತದೆ.

ಹೀಗೆ ಬರೆದಾಗ ಏಳು ವಾಕ್ಯದ ಕನ್ನಡ ಇಂಗ್ಲಿಷಿನಲ್ಲಿ ಐದಾರು ವಾಕ್ಯವಾಗುತ್ತದೆ. ಅದಕ್ಕೆ ‘ನೋ ನೀಡ್ ಟು ರಿಪ್ಲೈ’ ಎಂದು ಸೇರಿಸಿದರೆ ದುಃಖದಲ್ಲಿರುವವರ ಮೇಲಿನ ಒಂದು ಹೊರೆ ಇಳಿಯುತ್ತದೆ. ವ್ಯಾಕರಣ ತಿದ್ದುತ್ತಾ ದಿನ ಕಳೆಯದೆ, ಸುದ್ದಿ ತಿಳಿದ ದಿನವೇ ಕಳಿಸಿ.