ಹುಳಿ ಫ್ರೀಜರಿಗೆ, ಆಲೂಗಡ್ಡೆ ಹೊರಗೆ

ಫ್ರೀಜರಿನಲ್ಲಿ ಎರಡು ವಾರ ಇದ್ದ ಹುಳಿಯನ್ನು ತೆಗೆದು ಬಿಸಿ ಮಾಡಿದಾಗ ಮೊದಲು ಕೈಕೊಡುವುದು ಆಲೂಗಡ್ಡೆ. ಹೋಳು ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಬೆರಳಲ್ಲಿ ಒತ್ತಿದರೆ ಒದ್ದೆ ಸ್ಪಂಜಿನಂತೆ ನೀರು ಬಿಡುತ್ತದೆ, ಬಾಯಿಗಿಟ್ಟರೆ ಮರಳುಮರಳು. ಅದೇ ಪಾತ್ರೆಯ ತೊಗರಿಬೇಳೆಗೆ ಮಾತ್ರ ಏನೂ ಆಗಿರುವುದಿಲ್ಲ. ಒಂದೇ ಅಡುಗೆ, ಒಂದೇ ಚಳಿ, ಆದರೂ ಒಂದು ಉಳಿಯಿತು, ಇನ್ನೊಂದು ಕೆಟ್ಟಿತು. ಯಾವ ಅಡುಗೆ ಫ್ರೀಜರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದರ ಗುಟ್ಟು ಬಹುಪಾಲು ಈ ಎರಡರ ನಡುವೆಯೇ ಇದೆ.

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ತರಕಾರಿಯ ಒಳಗೆ ನೀರು ಗಡ್ಡೆ ಕಟ್ಟಿದಾಗ ಅದರ ಹರಳುಗಳು ಜೀವಕೋಶದ ಗೋಡೆಗಳನ್ನು ಹರಿಯುತ್ತವೆ. ಕರಗಿದ ಮೇಲೆ ಆ ನೀರನ್ನು ಹಿಡಿದಿಡಲು ಗೋಡೆಯೇ ಉಳಿದಿರುವುದಿಲ್ಲ. ಸೌತೆಕಾಯಿ, ಸೀಮೆಬದನೆ, ಬೂದುಗುಂಬಳದಂಥ ನೀರು ತುಂಬಿದ ಹೋಳುಗಳು ಮೆತ್ತಗಾಗಿ ಸೋರುವುದು ಇದಕ್ಕೇ. ಆಲೂಗಡ್ಡೆಯದು ಇನ್ನೂ ಒಂದು ತೊಂದರೆ. ಬೆಂದಾಗ ನೀರು ಕುಡಿದು ಉಬ್ಬಿದ ಅದರ ಪಿಷ್ಟ, ಚಳಿಗೆ ಮತ್ತೆ ಬಿಗಿದುಕೊಂಡು ಕುಡಿದ ನೀರನ್ನು ಹೊರಗೆ ಹಿಂಡುತ್ತದೆ. ತೊಗರಿಬೇಳೆ ಮೊದಲೇ ಕರಗಿ ಗೊಜ್ಜಾಗಿರುವುದರಿಂದ ಅಲ್ಲಿ ಹಾಳಾಗಲು ಹೋಳಿನ ಆಕಾರವೇ ಇಲ್ಲ. ಸ್ವಲ್ಪ ನೀರು ಒಡೆದು ನಿಂತರೂ ಸೌಟು ಹಾಕಿ ಕದಡಿದರೆ ಕೂಡಿಕೊಳ್ಳುತ್ತದೆ.

ಹರಳು ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ನಿರ್ಧರಿಸುವುದು ವೇಗ. ನಿಧಾನವಾಗಿ ಗಡ್ಡೆ ಕಟ್ಟಿದರೆ ಹರಳು ದೊಡ್ಡದು, ಬೇಗ ಕಟ್ಟಿದರೆ ಸಣ್ಣದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ 1910ರ ದಶಕದಲ್ಲಿ ಲ್ಯಾಬ್ರಡಾರ್ ಪ್ರದೇಶದಲ್ಲಿದ್ದಾಗ ಇದನ್ನು ಕಣ್ಣಾರೆ ಕಂಡರು. ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಕಲ್ಲಾಗುತ್ತಿತ್ತು, ತಿಂಗಳುಗಳ ನಂತರ ಬೇಯಿಸಿದರೂ ತಾಜಾ ಮೀನಿನ ಹಾಗೇ ಇರುತ್ತಿತ್ತು. ಮನೆಯ ಫ್ರೀಜರಿಗೆ ಅಂಥ ಚಳಿ ಇಲ್ಲ. ಆದರೆ ಅಡುಗೆಯನ್ನು ತೆಳುವಾಗಿ ಹರಡಿಟ್ಟರೆ ಅದೇ ಚಳಿ ಬೇಗ ಒಳಗಿಳಿಯುತ್ತದೆ. ಪಾಲು ಮಾಡುವ ಕೆಲಸ ಇಷ್ಟು ಮುಖ್ಯವಾಗುವುದು ಇಲ್ಲಿಯೇ.

ಒಂದು ಭಾನುವಾರದ ಅಡುಗೆಯನ್ನೇ ನೋಡೋಣ. ನಾಲ್ಕು ಜನರ ಮನೆ, 400 ಗ್ರಾಂ ತೊಗರಿಬೇಳೆ, ಒಟ್ಟು ಮೂರು ಲೀಟರಿನಷ್ಟು ಹುಳಿ. ಅಂದಿನ ಊಟಕ್ಕೆ ಒಂದು ಲೀಟರ್ ಬೇಕು, ಉಳಿದ ಎರಡು ಲೀಟರ್ ಫ್ರೀಜರಿಗೆ. ಜಾಣ ಅಡುಗೆಯವರು ಇದನ್ನು ಒಲೆಯ ಮೇಲಿರುವಾಗಲೇ ಎರಡು ಮಾಡುತ್ತಾರೆ. ಬೇಳೆ, ಹುಳಿಪುಡಿ, ಹುಣಸೆರಸ, ಉಪ್ಪು, ಜೊತೆಗೆ ಹುರುಳಿಕಾಯಿ ಅಥವಾ ಕ್ಯಾರೆಟ್ ಬೆಂದು ಒಂದು ಕುದಿ ಬಂದ ಮೇಲೆ ಎರಡು ಲೀಟರನ್ನು ಬೇರೆ ಪಾತ್ರೆಗೆ ಬಸಿದುಬಿಡುತ್ತಾರೆ. ಆಲೂಗಡ್ಡೆ, ರುಬ್ಬಿದ ಕಾಯಿ, ಒಗ್ಗರಣೆ ಬೀಳುವುದು ಅಂದಿನ ಪಾತ್ರೆಗೆ ಮಾತ್ರ. ಕಾಯಿ ಹಾಕಿ ಫ್ರೀಜ್ ಮಾಡಿದರೆ ಅಪಾಯವೇನೂ ಇಲ್ಲ. ಕರಗಿದಾಗ ಎಣ್ಣೆ ಬೇರೆ, ನೀರು ಬೇರೆಯಾಗಿ ನಿಂತು ಬಾಯಿಗೆ ತರಿತರಿ ಎನಿಸುತ್ತದೆ, ಅಷ್ಟೇ. ತುರಿದ ಕಾಯಿಯನ್ನೇ ಪ್ರತ್ಯೇಕವಾಗಿ ಫ್ರೀಜರಿನಲ್ಲಿಟ್ಟರೆ ಅದು ಸೊಗಸಾಗಿ ಉಳಿಯುತ್ತದೆ, ಬೇಕಾದಾಗ ಎರಡು ಚಮಚ ರುಬ್ಬಿ ಸೇರಿಸಬಹುದು. ಒಗ್ಗರಣೆಯ ಮಾತಂತೂ ಹೇಳಬೇಕಿಲ್ಲ. ವಾರಗಟ್ಟಲೆ ಚಳಿಯಲ್ಲಿದ್ದ ಇಂಗಿಗೂ ಆಗಷ್ಟೇ ತುಪ್ಪದಲ್ಲಿ ಸಿಡಿದ ಇಂಗಿಗೂ ಸಾಟಿಯಿಲ್ಲ. ಮೇಲಾಗಿ ಮುಚ್ಚಳ ಸಡಿಲವಿದ್ದರೆ ಫ್ರೀಜರಿನ ಐಸಿಗೂ ಅದೇ ವಾಸನೆ.

ಎತ್ತಿಡುವ ಹುಳಿ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು. ತೆಳ್ಳಗೆ ಮಾಡುವ ನೀರು ಆಮೇಲೆ ನಲ್ಲಿಯಲ್ಲಿ ಸಿಗುತ್ತದೆ, ಅದಕ್ಕೆ ಫ್ರೀಜರಿನ ಜಾಗ ಯಾಕೆ?

ಇನ್ನು ಆರಿಸುವುದು. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಮೂರು ಲೀಟರ್ ಹುಳಿಯ ತಪ್ಪಲೆಗೆ ಮುಚ್ಚಳ ಹಾಕಿ ಕಟ್ಟೆಯ ಮೇಲೆ ಬಿಟ್ಟು, ‘ರಾತ್ರಿ ಮಲಗುವಾಗ ಎತ್ತಿಟ್ಟರಾಯಿತು’ ಎನ್ನುವುದು ಮಾಮೂಲು. ಬೇಳೆಯ ಗಟ್ಟಿ ಅಡುಗೆ ನಡುವಿನಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗಿರುತ್ತದೆ. ಕುದಿಯಲ್ಲೂ ಸಾಯದ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಮೊಳೆಯುವುದು ಆ ಬೆಚ್ಚಗಿನಲ್ಲೇ. ಫ್ರೀಜರ್ ಅವನ್ನು ಕೊಲ್ಲುವುದಿಲ್ಲ, ಇದ್ದಲ್ಲೇ ನಿಲ್ಲಿಸುತ್ತದೆ. ಕರಗಿದ ಮೇಲೆ ಅವು ಬಿಟ್ಟಲ್ಲಿಂದ ಶುರು ಮಾಡುತ್ತವೆ. ಆದ್ದರಿಂದ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಅಡುಗೆ ಚಳಿಗೆ ಸೇರಬೇಕು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಸಿಂಕಿನಲ್ಲಿ ತಣ್ಣೀರು ತುಂಬಿ, ಒಂದು ತಟ್ಟೆ ಐಸ್ ಹಾಕಿ, ಅದರಲ್ಲಿ ಪಾತ್ರೆ ಕೂರಿಸಿ ಆಗಾಗ ಸೌಟಿನಿಂದ ತಿರುವುತ್ತಿದ್ದರೆ ಎರಡು ಲೀಟರ್ ಹುಳಿ ಬೇಗ ಆರುತ್ತದೆ. ಅಗಲ ಪಾತ್ರೆಗಳಿಗೆ ತೆಳುವಾಗಿ ಹರಡಿದರೂ ಸರಿ.

ಆರಿದ ಹುಳಿಯನ್ನು 400 ಮಿಲಿಲೀಟರಿನಂತೆ ಐದು ಪಾಲು ಮಾಡಬಹುದು. ಒಂದೊಂದು ಪಾಲು ಇಬ್ಬರ ಒಂದು ಹೊತ್ತಿನ ಊಟಕ್ಕೆ. ನಾಲ್ವರು ಕೂತ ದಿನ ಎರಡು ತೆಗೆದರಾಯಿತು. ಎರಡು ಲೀಟರಿನ ಒಂದೇ ಡಬ್ಬಿ ಮಾಡಿಟ್ಟವರು ಒಂದು ಲೋಟ ಹುಳಿಗಾಗಿ ಇಡೀ ಬಂಡೆಯನ್ನೇ ಕರಗಿಸಬೇಕಾಗುತ್ತದೆ, ಉಳಿದದ್ದನ್ನು ಮತ್ತೆ ಒಳಗಿಡುವ ಆಸೆಯೂ ಆಗುತ್ತದೆ. ಫ್ರೀಜರಿಗೆಂದೇ ಸಿಗುವ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹೊರಗೊತ್ತಿ, ತಟ್ಟೆಯ ಮೇಲೆ ಎರಡು ಬೆರಳು ದಪ್ಪಕ್ಕೆ ಮಲಗಿಸಿದರೆ ಬೇಗ ಗಟ್ಟಿಯಾಗುತ್ತದೆ. ಆಮೇಲೆ ಪುಸ್ತಕದಂತೆ ಒತ್ತಾಗಿ ನಿಲ್ಲಿಸಬಹುದು. ಡಬ್ಬಿಯಾದರೆ ಮೇಲೆ ಒಂದು ಬೆರಳು ಅಗಲ ಖಾಲಿ ಇರಲಿ. ಕಂಠದವರೆಗೆ ತುಂಬಿದ ಗಾಜಿನ ಜಾಡಿ ಒಡೆಯುವುದು ಆ ಶೇಕಡಾ 9ರ ಹಿಗ್ಗಿನಿಂದಲೇ. ಹೊರಗೆ ಚೀಟಿ ಅಂಟಿಸಲೇಬೇಕು: ‘ಹುಳಿ, ಇಬ್ಬರಿಗೆ, ಕಾಯಿ ಇಲ್ಲ, ಒಗ್ಗರಣೆ ಇಲ್ಲ’, ಕೆಳಗೆ ತಾರೀಖು. ಗಡ್ಡೆ ಕಟ್ಟಿದ ಮೇಲೆ ಹುಳಿ, ಸಾರು, ಗೊಜ್ಜು ಎಲ್ಲವೂ ಒಂದೇ ಕಂದು ಬಣ್ಣದ ಹಲಗೆ.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಥ ಅಡುಗೆ ಕೆಡುವುದಿಲ್ಲ. ಆದರೆ ರುಚಿ ಚೆನ್ನಾಗಿರುವುದು ಎರಡು ಮೂರು ತಿಂಗಳು. ಮನೆಯ ಫ್ರೀಜರ್ ಅಷ್ಟು ತಣ್ಣಗಿದೆಯೇ ಎಂದು ತಿಳಿಯಲು ಥರ್ಮಾಮೀಟರ್ ಇಟ್ಟು ನೋಡುವುದೇ ಸರಿ. ಅದಿಲ್ಲದಿದ್ದರೆ ಐಸ್‌ಕ್ರೀಂ ಸುಳಿವು ಕೊಡುತ್ತದೆ. ತೆಗೆದ ಕೂಡಲೇ ಚಮಚ ಸಲೀಸಾಗಿ ಇಳಿದರೆ ಚಳಿ ಸಾಲದು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಡಬ್ಬಿಯಲ್ಲಿ ಹೀಗಾಗುವುದುಂಟು. ಅಂಥ ಕಡೆ ಅಡುಗೆಯನ್ನು ತಿಂಗಳುಗಟ್ಟಲೆ ಇಡದೆ, ಒಂದು ವಾರದೊಳಗೆ ಮುಗಿಸುವುದು ಮೇಲು.

ಅನ್ನದ ಲೆಕ್ಕ ಸ್ವಲ್ಪ ವಿಚಿತ್ರ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಅಂದರೆ 4 ಡಿಗ್ರಿಯ ಆಸುಪಾಸಿನಲ್ಲಿ, ಅನ್ನದ ಪಿಷ್ಟ ಬೇಗ ಬಿಗಿಯುತ್ತದೆ. ಮರುದಿನ ಅಗುಳು ಗಟ್ಟಿಯಾಗಿ ಉದುರುವುದು ಅದಕ್ಕೇ. ಫ್ರೀಜರಿನಲ್ಲಿ ಆ ಬಿಗಿತ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆಗಷ್ಟೇ ಮಾಡಿದ ಅನ್ನವನ್ನು ತಟ್ಟೆಗೆ ಹರಡಿ ಆರಿಸಿ, ಒಬ್ಬರಿಗಾಗುವಷ್ಟನ್ನು ಚಪ್ಪಟೆಯಾಗಿ ಕಟ್ಟಿಟ್ಟರೆ, ನೀರು ಚಿಮುಕಿಸಿ ಹಬೆಯಲ್ಲಿ ಬಿಸಿ ಮಾಡಿದಾಗ ಮತ್ತೆ ಮೆದುವಾಗುತ್ತದೆ. ಆದರೆ ಆರಿಸುವುದರಲ್ಲಿ ಅನ್ನಕ್ಕೆ ಹುಳಿಗಿಂತಲೂ ಹೆಚ್ಚು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ಅನ್ನದಲ್ಲಿ ವಾಂತಿ ತರಿಸುವ ಒಂದು ವಿಷ ಬಿಡುತ್ತದೆ. ಒಮ್ಮೆ ಹುಟ್ಟಿದರೆ ಆ ವಿಷ ಕುದಿಸಿದರೂ ಹೋಗದು. ಮಧ್ಯಾಹ್ನದಿಂದ ರಾತ್ರಿಯವರೆಗೆ ಕುಕ್ಕರಿನಲ್ಲೇ ಕೂತ ಅನ್ನವನ್ನು ಫ್ರೀಜರಿಗೆ ಹಾಕಿ ಉಳಿಸಿಕೊಳ್ಳಲು ಆಗುವುದಿಲ್ಲ.

ಮೊಸರನ್ನವಂತೂ ಬೇಡವೇ ಬೇಡ. ಮೊಸರು ಗಡ್ಡೆ ಕಟ್ಟಿ ಕರಗಿದರೆ ಒಡೆದು ತಿಳಿನೀರು ಬಿಡುತ್ತದೆ, ಮಜ್ಜಿಗೆ ಹುಳಿಗೂ ಅದೇ ಗತಿ. ಬೇಯಿಸಿದ ಮೊಟ್ಟೆಯ ಬಿಳಿಭಾಗ ರಬ್ಬರಾಗುತ್ತದೆ, ಬೋಂಡ ಮೆತ್ತಗಾಗುತ್ತದೆ. ವಾಂಗಿಬಾತನ್ನು ಅನ್ನದೊಂದಿಗೆ ಕಲಸಿ ಇಡುವ ಬದಲು ಬದನೆಕಾಯಿ ಗೊಜ್ಜನ್ನಷ್ಟೇ ಇಟ್ಟು, ತಿನ್ನುವ ದಿನ ಬಿಸಿ ಅನ್ನಕ್ಕೆ ಕಲಸುವುದು ಲೇಸು. ಇನ್ನೊಂದು ಕಡೆ ಇಡ್ಲಿ, ಚಪಾತಿ, ಬೇಳೆ ಹೋಳಿಗೆ, ಕಡಲೆಕಾಳಿನ ಗಸಿ, ರಾಜ್ಮಾ ಇವೆಲ್ಲ ಫ್ರೀಜರಿಗೆಂದೇ ಹುಟ್ಟಿದಂತಿವೆ. ಇಡ್ಲಿಗಳನ್ನು ಮೊದಲು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿಟ್ಟು ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ತುಂಬಬೇಕು. ಆಗ ನಾಲ್ಕು ಬೇಕಾದರೆ ನಾಲ್ಕೇ ಬಿಡಿಬಿಡಿಯಾಗಿ ಬರುತ್ತವೆ. ಕರಗಿಸುವ ಗೋಜಿಲ್ಲದೆ ನೇರ ಇಡ್ಲಿಪಾತ್ರೆಗೆ ಹಾಕಿದರೆ ಹತ್ತು ನಿಮಿಷದ ಹಬೆಯಲ್ಲಿ ನಡುವಿನವರೆಗೂ ಬಿಸಿಯಾಗುತ್ತವೆ. ಚಪಾತಿಗಳ ನಡುವೆ ಬೆಣ್ಣೆಕಾಗದ ಹಾಕಿದ್ದರೆ ಒಂದೊಂದನ್ನೇ ಎಬ್ಬಿಸಿ ಕಾದ ಕಾವಲಿಗೆ ಹಾಕಬಹುದು.

ಹುಳಿಯ ಪಾಲಿಗೂ ರಾತ್ರಿಯೇ ಹೊರಗೆ ತೆಗೆದಿಡುವ ಅಗತ್ಯವಿಲ್ಲ. ಕಟ್ಟೆಯ ಮೇಲೆ ಕರಗಲು ಬಿಟ್ಟರೆ ನಡುವೆ ಇನ್ನೂ ಕಲ್ಲಾಗಿರುವಾಗಲೇ ಅಂಚು ಬೆಚ್ಚಗಾಗಿರುತ್ತದೆ. ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಬಹುದು. ಮರೆತಿದ್ದರೆ ಚೀಲದ ಮೇಲೆ ತಣ್ಣೀರು ಬಿಟ್ಟು, ಬಿಡಿಸಿಕೊಂಡ ಹಲಗೆಯನ್ನು ಅರ್ಧ ಲೋಟ ನೀರಿನೊಂದಿಗೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಸಾಕು. ಬದಿಯಲ್ಲಿ ಗುಳ್ಳೆ ಬಂದದ್ದು ಕುದಿಯಲ್ಲ. ಎಲ್ಲ ಕಡೆ ಕನಿಷ್ಠ 74 ಡಿಗ್ರಿ ಬಿಸಿ ತಲುಪಬೇಕು. ತಳದಿಂದ ತಿರುವಿದ ಮೇಲೂ ನಡುವಿನಲ್ಲಿ ಕೊತಕೊತ ಕುದಿಯುತ್ತಿದ್ದರೆ ಅದು ದಾಟಿದೆ ಎಂದರ್ಥ. ಆಮೇಲೆ ಉಪ್ಪು ನೋಡಿ, ಕಾಯಿ ಸೇರಿಸಿ, ಹೊಸ ಒಗ್ಗರಣೆ. ಮೈಕ್ರೋವೇವ್ ಆದರೆ ಮಧ್ಯೆ ಎರಡು ಸಲ ತೆಗೆದು ಕದಡಬೇಕು. ಅದರ ಅಲೆಗಳನ್ನು ನೀರು ಹೀರುವಷ್ಟು ಮಂಜುಗಡ್ಡೆ ಹೀರುವುದಿಲ್ಲ. ಹೀಗಾಗಿ ಮೊದಲು ಕರಗಿದ ಮೂಲೆ ಕುದಿಯುತ್ತಿದ್ದರೂ ಪಕ್ಕದಲ್ಲೇ ಐಸ್ ಉಳಿದಿರುತ್ತದೆ. ಒಮ್ಮೆ ಬಿಸಿ ಮಾಡಿದ್ದು ಉಳಿದರೆ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು, ಮತ್ತೆ ಫ್ರೀಜರಿಗೆ ಅಲ್ಲ.

ಕರೆಂಟ್ ಹೋದರೆ? ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ಚಳಿ ಹಿಡಿದಿರುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಒಂದು ಲೋಟ ನೀರನ್ನು ಗಡ್ಡೆ ಕಟ್ಟಿಸಿ, ಅದರ ಮೇಲೊಂದು ರೂಪಾಯಿ ನಾಣ್ಯ ಇಟ್ಟು ಹೋಗುವುದುಂಟು. ಬಂದು ನೋಡಿದಾಗ ನಾಣ್ಯ ಮೇಲೆಯೇ ಇದ್ದರೆ ಹುಳಿಗೆ ಏನೂ ಆಗಿಲ್ಲ. ನಾಣ್ಯ ಲೋಟದ ತಳದಲ್ಲಿದ್ದರೆ, ಚೀಲಗಳು ಈಗ ಎಷ್ಟೇ ಗಟ್ಟಿಯಾಗಿದ್ದರೂ, ನಡುವೆ ಎಲ್ಲವೂ ಕರಗಿ ನೀರಾಗಿ ಮತ್ತೆ ಗಡ್ಡೆ ಕಟ್ಟಿದೆ ಎಂದರ್ಥ. ಆ ಹುಳಿಯನ್ನು ಮೂಸಿಯೂ ನೋಡದೆ ಚೆಲ್ಲಬೇಕು.